ಸ್ಕೋಲಿನ್ ಕೊಡುವ ಮುಂಚೆ ಕೇಳುವ ಆ ಪ್ರಶ್ನೆ

"ಡಾಕ್ಟ್ರೇ, ಆಪರೇಷನ್‌ಗೆ ಮುಂಚೆ ನಮ್ಮ ಜಾತಿ ಯಾಕೆ ಕೇಳಿದ್ರಿ? ಜಾತಿಗೊಂದು ಕಾಯಿಲೆ ಇರುತ್ತೆ ಅಂದ್ರೆ ಜಾತಿ ರಕ್ತದಲ್ಲೇ ಇದೆ ಅಂತ ಆಯ್ತಲ್ವಾ?"

ಅರವಳಿಕೆ ಕೊಡುವುದು ನನ್ನ ಕೆಲಸ. ನಾನು ಹಾಗೆ ಕೇಳುವುದು ಒಂದೇ ಒಂದು ಔಷಧಿಯ ಸಲುವಾಗಿ. ಅದರ ಪೂರ್ತಿ ಹೆಸರು ಸಕ್ಸಿನೈಲ್‌ಕೋಲಿನ್. ಥಿಯೇಟರಿನಲ್ಲಿ ನಾವೆಲ್ಲ ಸ್ಕೋಲಿನ್ ಅನ್ನುತ್ತೇವೆ. ಊಟ ಮಾಡಿ ಬಂದವರಿಗೆ ತುರ್ತಾಗಿ ಆಪರೇಷನ್ ಮಾಡಬೇಕಾದರೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವ ಮೊದಲೇ ಗಂಟಲಿಗೆ ಟ್ಯೂಬ್ ಹಾಕಬೇಕು. ಸ್ಕೋಲಿನ್ ಕೊಟ್ಟರೆ ಒಂದು ನಿಮಿಷದಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಉಸಿರೂ ನಿಲ್ಲುತ್ತದೆ. ಐದು ಹತ್ತು ನಿಮಿಷದಲ್ಲಿ ಉಸಿರು ತಾನಾಗಿಯೇ ವಾಪಸ್ ಬರುತ್ತದೆ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಔಷಧಿಯನ್ನು ಅಷ್ಟು ಬೇಗ ಒಡೆದು ಹಾಕಿರುತ್ತದೆ.

ಕೆಲವರಲ್ಲಿ ಈ ಕಿಣ್ವ ಹೆಚ್ಚುಕಡಿಮೆ ಸೊನ್ನೆ. ಅಂಥವರಿಗೆ ಸ್ಕೋಲಿನ್ ಬಿದ್ದರೆ ಹತ್ತು ನಿಮಿಷವಾದರೂ ಎದೆ ಅಲುಗುವುದಿಲ್ಲ. ಮಣಿಕಟ್ಟಿನ ಹತ್ತಿರ ಸಣ್ಣದಾಗಿ ಕರೆಂಟ್ ಕೊಟ್ಟು ನೋಡುತ್ತೇವೆ. ಔಷಧಿ ಇಳಿದಿದ್ದರೆ ಹೆಬ್ಬೆರಳು ಎಗರಬೇಕು. ಅರ್ಧ ಗಂಟೆಯಾದರೂ ಎಗರುವುದಿಲ್ಲ, ಒಂದು ಗಂಟೆಯಾದರೂ ಇಲ್ಲ. ಆಗ ಮಾಡಬೇಕಾದದ್ದು ಸರಳ. ವೆಂಟಿಲೇಟರ್ ಬಿಡಿಸಬಾರದು. ನಿದ್ದೆಯ ಔಷಧಿಯನ್ನೂ ನಿಲ್ಲಿಸಬಾರದು. ಇಲ್ಲದಿದ್ದರೆ ರೋಗಿಗೆ ಎಚ್ಚರವಾಗುತ್ತದೆ, ಆದರೆ ಕಣ್ಣುರೆಪ್ಪೆ ಕೂಡ ಎತ್ತಲಾಗುವುದಿಲ್ಲ. ನನ್ನ ಮಟ್ಟಿಗೆ ಇದರಲ್ಲಿ ಅತಿ ಭಯಂಕರವಾದದ್ದು ಅದೇ. ಕೆಲವು ಗಂಟೆಗಳಲ್ಲಿ ಔಷಧಿ ಬೇರೆ ದಾರಿಯಿಂದ ಮೆಲ್ಲಗೆ ಇಳಿಯುತ್ತದೆ, ರೋಗಿ ಆರಾಮಾಗಿ ಏಳುತ್ತಾರೆ.

ಈ ಕೊರತೆ ಆರ್ಯ ವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಜಾಸ್ತಿ. ಆಂಧ್ರ, ತೆಲಂಗಾಣ, ತಮಿಳುನಾಡು, ನಮ್ಮ ಕರ್ನಾಟಕದ ಪೇಟೆ ಬೀದಿಗಳಲ್ಲೆಲ್ಲ ಇರುವ, ವಾಸವಿ ಅಮ್ಮನವರ ಗುಡಿ ಕಟ್ಟಿಕೊಂಡ ಸಮುದಾಯ ಅದು. ಕೊಯಮತ್ತೂರಿನ ಆರ್ಯ ವೈಶ್ಯರ ರಕ್ತ ಪರೀಕ್ಷಿಸಿದ ಸಂಶೋಧಕರು 2006ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಕಿಣ್ವದ ಜೀನ್‌ನಲ್ಲಿ ಒಂದೇ ಅಕ್ಷರ ಬದಲಾಗಿದೆ. ಅದರಿಂದ ಕಿಣ್ವದ 307ನೇ ಜಾಗದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಬದಲು ಪ್ರೋಲಿನ್ ಎಂಬುದು ಕೂತಿದೆ. ಅಷ್ಟೇ. ಈ ಕಿಣ್ವ ಇಲ್ಲದವರು ಬೇರೆಲ್ಲ ರೀತಿಯಲ್ಲಿ ಗಟ್ಟಿಮುಟ್ಟಾಗಿರುತ್ತಾರೆ. ಸ್ಕೋಲಿನ್ ಬಳಕೆಗೆ ಬಂದದ್ದು 1950ರ ದಶಕದ ಶುರುವಿನಲ್ಲಿ. ಅದಕ್ಕೂ ಮುಂಚೆ ಎಷ್ಟೋ ತಲೆಮಾರು ಇದು ಯಾರ ಗಮನಕ್ಕೂ ಬರದೆ ಸುಮ್ನೆ ದಾಟಿಕೊಂಡು ಬಂದಿದೆ.

ಹಾಗಾದರೆ ಒಂದೇ ಕಡೆ ಇಷ್ಟು ಸೇರಿಕೊಂಡದ್ದು ಹೇಗೆ? ನಮ್ಮಲ್ಲಿ ಪ್ರತಿಯೊಬ್ಬರಲ್ಲೂ ಇಂಥ ಕೆಲವು ಕೆಟ್ಟ ಜೀನ್‌ಗಳು ಅಡಗಿರುತ್ತವೆ. ಹೆಚ್ಚುಕಡಿಮೆ ಎಲ್ಲ ಜೀನ್‌ಗೂ ಎರಡು ಪ್ರತಿ ಇರುವುದರಿಂದ, ಅಪ್ಪನಿಂದ ಬಂದದ್ದು ಕೆಟ್ಟಿದ್ದರೂ ಅಮ್ಮನಿಂದ ಬಂದದ್ದು ಕೆಲಸ ನಡೆಸುತ್ತದೆ. ಎರಡು ಮೂರು ಸಾವಿರ ವರ್ಷದ ಹಿಂದೆ ಈ ಸಮುದಾಯ ಕೆಲವೇ ಕುಟುಂಬಗಳಿಂದ ಶುರುವಾದ ಗುರುತು ಇವತ್ತಿನವರ ಡಿಎನ್ಎಯಲ್ಲಿ ಇದೆ. ಆ ಕೆಲವರಲ್ಲಿ ಯಾರೋ ಒಬ್ಬರ ಬಳಿ ಈ ಪ್ರತಿ ಇತ್ತು. ಅದು ಬರೀ ಆಕಸ್ಮಿಕ. ಆಮೇಲೆ ಸಂಖ್ಯೆ ಲಕ್ಷಗಟ್ಟಲೆ ಬೆಳೆಯಿತು, ಹೆಣ್ಣು ಕೊಡುವುದು ತರುವುದು ಮಾತ್ರ ಒಳಗೇ ನಡೆಯಿತು. ಶುರುವಿನಲ್ಲಿ ಇದ್ದದ್ದೇ ಮತ್ತೆ ಮತ್ತೆ ಹಂಚಿಹೋಯಿತು.

ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಎರಡು ಅಂಕಿ ಇಟ್ಟುಕೊಳ್ಳುತ್ತೇನೆ. ಒಂದು ಸಮುದಾಯದಲ್ಲಿ ಹತ್ತು ಪ್ರತಿಗೆ ಒಂದು ಕೆಟ್ಟದ್ದು ಅನ್ನಿ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬರುವ ಸಾಧ್ಯತೆ ಹತ್ತರಲ್ಲಿ ಒಂದರ ಹತ್ತರಲ್ಲಿ ಒಂದು, ಅಂದರೆ ನೂರಕ್ಕೆ ಒಂದು. ಹೊರಗೆ ಸಾವಿರ ಪ್ರತಿಗೆ ಒಂದು ಕೆಟ್ಟದ್ದು ಅನ್ನಿ. ಅಲ್ಲಿ ಅದು ಹತ್ತು ಲಕ್ಷಕ್ಕೆ ಒಂದು. ಪ್ರತಿಗಳಲ್ಲಿ ನೂರು ಪಟ್ಟು ವ್ಯತ್ಯಾಸ, ಕಾಣಿಸಿಕೊಳ್ಳುವ ಮಕ್ಕಳಲ್ಲಿ ಹತ್ತು ಸಾವಿರ ಪಟ್ಟು.

"ನಾವು ಸಂಬಂಧದಲ್ಲಿ ಮದುವೆ ಮಾಡಿಕೊಂಡೇ ಇಲ್ಲ, ಗೋತ್ರ ಬೇರೆ ನೋಡಿಯೇ ಮಾಡಿದ್ದು" ಅಂತ ಬಹಳ ಜನ ಹೇಳುತ್ತಾರೆ. ಸೋದರಮಾವನ ಮಗಳನ್ನು ತಂದರೆ ಅಪಾಯ ಇನ್ನಷ್ಟು ಏರುತ್ತದೆ, ನಿಜ. ಆದರೆ ಮೇಲಿನ ಲೆಕ್ಕದಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ. ಗೋತ್ರ ಕಾಯುವುದು ಅಪ್ಪನ ಕಡೆಯ ಒಂದು ಗೆರೆಯನ್ನು ಮಾತ್ರ. ಆರ್ಯ ವೈಶ್ಯರಲ್ಲಿ 102 ಗೋತ್ರ ಎಣಿಸುತ್ತಾರೆ. ಅಜ್ಜಿಯರ ಕಡೆಯಿಂದ ಬಂದ ಜೀನ್ ಅಷ್ಟರ ತುಂಬಾ ಓಡಾಡಿರುತ್ತದೆ.

ಈಗ ಜಾತಿ ರಕ್ತದಲ್ಲಿದೆ ಅನ್ನುವ ಮಾತು. ನನ್ನ ಮಟ್ಟಿಗೆ ಅದು ತಪ್ಪು. ಈ ದೇಶದ ಬಹುತೇಕ ಎಲ್ಲ ಸಮುದಾಯಗಳೂ ಹಳೆಯ ಅವೇ ಜನಗಳ ಬೆರಕೆ. ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆ ಮತ್ತು ಹಾರ್ವರ್ಡಿನ ತಜ್ಞರು 2013ರಲ್ಲಿ ತೋರಿಸಿದಂತೆ, ಆ ಬೆರಕೆ ಸುಮಾರು 4,200ರಿಂದ 1,900 ವರ್ಷದ ಹಿಂದಿನವರೆಗೆ ಜೋರಾಗಿ ನಡೆದಿತ್ತು. ಆರ್ಯ ವೈಶ್ಯರೂ ಅದರಿಂದಲೇ ಬಂದವರು, ಪಕ್ಕದ ಮನೆಯ ರೈತರೂ ಅದರಿಂದಲೇ ಬಂದವರು. ಆಮೇಲೆ ಬಂದದ್ದು ಮದುವೆಯ ಬೇಲಿ.

ಕಾಯಿಲೆ ಹಿಡಿದು ಜನರನ್ನು ವಿಂಗಡಿಸಲು ಹೊರಟರೂ ಲೆಕ್ಕ ಕೂಡುವುದಿಲ್ಲ. ಉತ್ತರದ ಅಗರ್ವಾಲರೂ ತಮ್ಮನ್ನು ವೈಶ್ಯರೆಂದೇ ಕರೆದುಕೊಳ್ಳುತ್ತಾರೆ. ಅವರಲ್ಲಿ ಜಾಸ್ತಿ ಕಾಣುವುದು ಎಂಎಲ್‌ಸಿ1 ಎಂಬ ಬೇರೆಯೇ ಜೀನಿನ ತೊಂದರೆ. ಅದರಲ್ಲಿ ಮಗುವಿನ ತಲೆ ದೊಡ್ಡದಾಗುತ್ತದೆ, ಮಿದುಳಿನ ಬಿಳಿ ಭಾಗ ಊದುತ್ತದೆ. ವರ್ಣ ಒಂದೇ, ಆದರೆ ಬೇಲಿಗಳು ಬೇರೆ, ಒಳಗೆ ಸಿಕ್ಕಿಕೊಂಡ ಆಕಸ್ಮಿಕಗಳೂ ಬೇರೆ. ಇನ್ನು ಒಂದೇ ಸಮುದಾಯದ ಒಳಗೂ ಹೆಚ್ಚಿನವರಲ್ಲಿ ಕಿಣ್ವ ಬೇಕಾದಷ್ಟು ಇರುತ್ತದೆ. ಮೂಗು, ಬಣ್ಣ, ಬುದ್ಧಿ, ವ್ಯಾಪಾರದ ಜಾಣತನ, ಯಾವುದಕ್ಕೂ ಆ 307ನೇ ಜಾಗಕ್ಕೂ ಸಂಬಂಧವಿಲ್ಲ.

ಬೇಲಿ ಎಷ್ಟು ತೆಳ್ಳಗಿದೆ ಅಂತ ನೋಡಬೇಕಾದರೆ ಒಂದು ಮದುವೆ ಸಾಕು. ಕಿಣ್ವ ಪೂರ್ತಿ ಇಲ್ಲದ ಹುಡುಗ ಹೊರಗಿನ ಹುಡುಗಿಯನ್ನು ಮದುವೆಯಾದ ಅನ್ನಿ. ಅವನ ಎಲ್ಲ ಮಕ್ಕಳಿಗೂ ಒಂದು ಕೆಟ್ಟ ಪ್ರತಿ ಬರುತ್ತದೆ. ಆದರೆ ತಾಯಿಯಿಂದ ಬಂದದ್ದು ಸರಿಯಿದ್ದರೆ, ಮತ್ತು ಅದು ಸರಿಯಿರುವ ಸಾಧ್ಯತೆಯೇ ತೀರಾ ಹೆಚ್ಚು, ಕಿಣ್ವ ಅರ್ಧದಷ್ಟಾದರೂ ಇರುತ್ತದೆ. ಸ್ಕೋಲಿನ್ ಇಳಿಯಲು ಒಂದಿಷ್ಟು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ.

ಜಾತಿ ಕೇಳುವುದು ಒಳ್ಳೆಯ ಪರೀಕ್ಷೆ ಅಂತ ನಾನೂ ಹೇಳುವುದಿಲ್ಲ. ಅದೊಂದು ಸುಳಿವು. ಬೇರೆ ಸಮುದಾಯದವರಲ್ಲೂ ಈ ಕೊರತೆ ಇರುತ್ತದೆ, ಜಾತಿಯನ್ನೇ ನಂಬಿ ಕೂತರೆ ಅವರು ತಪ್ಪಿಹೋಗುತ್ತಾರೆ. ಅದಕ್ಕೇ "ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಉಸಿರು ಬರಲು ತಡವಾಗಿತ್ತಾ?" ಅಂತ ಎಲ್ಲರನ್ನೂ ಕೇಳುತ್ತೇನೆ. ಅನುಮಾನ ಬಂದರೆ ರಕ್ತದಲ್ಲಿ ಕೋಲಿನೆಸ್ಟರೇಸ್ ಎಷ್ಟಿದೆ ಅಂತ ನೋಡಿಸುತ್ತೇನೆ. ಅದಕ್ಕೆ ಸಮಯವಿಲ್ಲದಿದ್ದರೆ ಸ್ಕೋಲಿನ್ ಬಿಟ್ಟು ರೊಕ್ಯುರೋನಿಯಂ ಬಳಸುತ್ತೇನೆ. ಅದನ್ನು ಇಳಿಸಲು ಈ ಕಿಣ್ವ ಬೇಕಾಗಿಲ್ಲ.

ಕೊರತೆ ಇದೆ ಅಂತ ಗೊತ್ತಾದವರು ಅದನ್ನು ಬರೆದ ಚೀಟಿಯನ್ನು ಆಧಾರ್ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹಾಗಾಗಿ ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು. ಹೊಲಕ್ಕೆ ಹೊಡೆಯುವ ಕೆಲವು ಕೀಟನಾಶಕಗಳ ವಿಷವೇರಿದರೂ ಇದೇ ಕಿಣ್ವ ಇಳಿಯುತ್ತದೆ. ನಿಮಗೆ ಹುಟ್ಟಿನಿಂದಲೇ ಸೊನ್ನೆ ಇದ್ದು, ಬೇರೆ ಯಾವುದೋ ಕಾರಣಕ್ಕೆ ಎಚ್ಚರ ತಪ್ಪಿ ಆಸ್ಪತ್ರೆ ಸೇರಿದರೆ, ಆ ರಿಪೋರ್ಟ್ ನೋಡಿದವರು ವಿಷ ಕುಡಿದಿದ್ದೀರಿ ಅಂತ ತಿಳಿಯಬಹುದು. ಆ ಚೀಟಿ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.