ತಡವಾಗಿ ಬರುವವರ ಜೊತೆ ಮಾತು: ಮೊದಲು ಹಾಜರಿ ಪುಸ್ತಕ, ಆಮೇಲೆ ಬಾಯಿ

"ನೀವು ಯಾವಾಗ ನೋಡಿದರೂ ಲೇಟು" ಎಂದು ಸೂಪರ್‌ವೈಸರ್ ಶುರು ಮಾಡಿದರೆ, "ನಿನ್ನೆ ಸರಿಯಾಗೇ ಬಂದಿದ್ದೆನಲ್ಲ ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಮೇಲೆ ವಾದವೆಲ್ಲ ನಿನ್ನೆಯದೇ. ಅದಕ್ಕೇ ಮಾತಿಗೆ ಮೂರು ಮೆಟ್ಟಿಲು: ನಡೆದದ್ದು, ಅದರಿಂದ ಆದದ್ದು, ಇನ್ನು ಮುಂದೆ ಆಗಬೇಕಾದದ್ದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿಫ್ಟ್ ಶುರುವಾಗುವುದು 9 ಗಂಟೆಗೆ. ಎರಡು ವಾರದ ಹಾಜರಿಯಲ್ಲಿ ನಾಲ್ಕು ದಿನ ತಡ: 3ರಂದು 9:20, 5ರಂದು 9:25, 10ರಂದು 9:15, 12ರಂದು 9:30. ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆ ದಿನಗಳಲ್ಲಿ ಪರ್ಮಿಷನ್ ಕೇಳಿದ್ದರೇ, ಪಂಚಿಂಗ್ ಯಂತ್ರದ ಗಡಿಯಾರ ಸರಿಯಿದೆಯೇ ಎಂದೂ ನೋಡಿ. ಒಂದು ತಪ್ಪು ತಾರೀಖು ಸಿಕ್ಕರೆ ಉಳಿದ ಮೂರೂ ಬಿದ್ದುಹೋಗುತ್ತವೆ.

ಎರಡನೇ ಮೆಟ್ಟಿಲಲ್ಲಿ ಎಡವುವವರೇ ಹೆಚ್ಚು. "ಟೀಮಿನ ಶಿಸ್ತು ಹಾಳಾಗ್ತಿದೆ" ಎಂದರೆ ಕಿವಿಗೆ ಬಿದ್ದು ಹೊರಟುಹೋಗುತ್ತದೆ. "ಆ ನಾಲ್ಕು ದಿನವೂ ರಾತ್ರಿ ಶಿಫ್ಟಿನವರು ಕೆಲಸ ಒಪ್ಪಿಸಲು ನಿಮಗಾಗಿ ಕಾದರು, ಒಟ್ಟು ಒಂದೂವರೆ ಗಂಟೆ" ಎಂದರೆ ತಾಗುತ್ತದೆ. ಆದರೆ ನಿಜವಾಗಿ ಯಾರೂ ಕಾಯದಿದ್ದರೆ ಇದನ್ನು ಕಟ್ಟಿ ಹೇಳಬೇಡಿ. ತೊಂದರೆ ಏನೆಂದು ಹುಡುಕಿದರೂ ಸಿಗದಿದ್ದರೆ, ಸಮಯದ ನಿಯಮವೇ ಆ ಕೆಲಸಕ್ಕೆ ಬೇಕೇ ಎಂದು ಯೋಚಿಸಬೇಕಾದದ್ದು ಸೂಪರ್‌ವೈಸರ್.

ಇಷ್ಟು ಹೇಳಿ, "ಏನಾಗ್ತಿದೆ, ಹೇಳಿ" ಎಂದು ಕೇಳಿ ಸುಮ್ಮನಾಗಿ. ಈ ಮೌನ ತಡೆಯಲಾಗದೆ ತಾವೇ ಮತ್ತೆ ಮಾತಾಡಿಬಿಡುವವರು ಬಹಳ. ಕಾರಣ ಬರುವುದು ಇಲ್ಲೇ. ನಮ್ಮ ಚೀಟಿಯ ನಾಲ್ಕೂ ತಾರೀಖು ಮಂಗಳವಾರ, ಗುರುವಾರ ಬಿದ್ದಿವೆ ಎನ್ನಿ. ಆ ಎರಡು ದಿನ ಮಗುವನ್ನು ಶಾಲೆಗೆ ಬಿಡುವ ಸರದಿ ಅವರದು ಎಂದು ಗೊತ್ತಾದರೆ, ಅದು ಸೋಮಾರಿತನದ ಮಾತಲ್ಲ, ಹೊಂದಾಣಿಕೆಯ ಮಾತು.

ಕೋರಿಕೆಯನ್ನು ಕಾರಣ ಕೇಳಿದ ಮೇಲೆ, ಅಳೆಯಲು ಬರುವಂತೆ ಹೇಳಿ. "ಸ್ವಲ್ಪ ಬೇಗ ಬನ್ನಿ" ಎಂದರೆ 9:20ರವರು 9:10ಕ್ಕೆ ಬಂದು ಮಾತು ಉಳಿಸಿಕೊಂಡೆ ಅಂದುಕೊಳ್ಳುತ್ತಾರೆ. "ಮಂಗಳವಾರ, ಗುರುವಾರ 9:30ಕ್ಕೆ ಬಂದು ಸಂಜೆ ಅರ್ಧ ಗಂಟೆ ಹೆಚ್ಚು ಇರಿ, ಬೆಳಿಗ್ಗೆ ಕೆಲಸ ಒಪ್ಪಿಕೊಳ್ಳಲು ಬೇರೆಯವರನ್ನು ನಾನು ಹಾಕುತ್ತೇನೆ. ಉಳಿದ ದಿನ 9ಕ್ಕೆ ಜಾಗದಲ್ಲಿರಬೇಕು. ತಡವಾಗುವಂತಿದ್ದರೆ 8:30ರೊಳಗೆ ಫೋನ್ ಮಾಡಿ. ಆಗುತ್ತಾ?" ಕೊನೆಯ ಆ ಪ್ರಶ್ನೆಗೆ ಬರೀ ತಲೆಯಾಡಿಸಿದರೆ ಸಾಲದು, ಒಪ್ಪಿದ್ದನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿ.

ಹೊಗಳಿಕೆಯ ನಡುವೆ ದೂರನ್ನು ಅಡಗಿಸಿ ಹೇಳುವ ಚಾಳಿ ಬೇಡ, ಕೇಳಿದವರಿಗೆ ನೆನಪುಳಿಯುವುದು ಹೊಗಳಿಕೆಯಷ್ಟೇ. ಮಾತು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಹತ್ತು–ಹದಿನೈದು ನಿಮಿಷದಲ್ಲಿ ಮುಗಿಯಲಿ. ಅದೇ ದಿನ ಒಪ್ಪಂದವನ್ನು ಎರಡು ಸಾಲಿನಲ್ಲಿ ಮೇಲ್ ಮಾಡಿ, ಎರಡು ವಾರ ಬಿಟ್ಟು ಮತ್ತೆ ಹಾಜರಿ ನೋಡಿ. ಸರಿಹೋಗಿದ್ದರೆ ಅದನ್ನೂ ಕರೆದು ಹೇಳಿ. ಆಗಿಲ್ಲದಿದ್ದರೆ ಮುಂದಿನ ಮಾತು ಲಿಖಿತ ಎಚ್ಚರಿಕೆಯದು, ಅದನ್ನು ಎಚ್‌ಆರ್ ಜೊತೆ ಕೂತು ತಯಾರಿಸಿ.