ದುಂಡು ತೊಟ್ಟಿಗೆ ಅಳತೆ ಕೋಲು: ತ್ರಿಜ್ಯ ಸಿಕ್ಕಿತು

ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಅಳತೆ ಕೋಲು ಮಾಡುವ ಕೆಲಸ ಒಂದು ಹಂತಕ್ಕೆ ಬಂದಿದೆ. ಕೋಲಿನ ಒಂದು ಸೆಂ.ಮೀ.ಗೆ ಎಷ್ಟು ಲೀಟರ್ ಅಂತ ಗೊತ್ತಾಗಬೇಕಾದರೆ ತೊಟ್ಟಿಯ ತ್ರಿಜ್ಯ ಬೇಕು. ಮೇಲೆ ಸ್ಲ್ಯಾಬ್ ಇದೆ, ಒಳಗೆ ಅಡ್ಡ ಟೇಪ್ ಹಿಡಿಯಲು ಆಗದು. ಬೆನ್ನು ಕಾಂಪೌಂಡ್ ಗೋಡೆಗೆ ಅಂಟಿದೆ, ಹಾಗಾಗಿ ಸುತ್ತಳತೆಯೂ ಸಿಗದು. ಉಳಿದದ್ದು ಹತ್ತನೇ ಕ್ಲಾಸಿನ ಸ್ಪರ್ಶಕ.

ಶನಿವಾರ

ತೊಟ್ಟಿಯ ಮುಂದೆ ಒಂದು ಕಬ್ಬಿಣದ ಗೂಟ ಹೊಡೆದೆ. ಅದು P. ಗೋಡೆಯ ಅತಿ ಹತ್ತಿರದ ಜಾಗಕ್ಕೆ ಅಲ್ಲಿಂದ ಸರಿಯಾಗಿ 100 ಸೆಂ.ಮೀ. ಗೂಟಕ್ಕೆ ಎರಡು ದಾರ ಕಟ್ಟಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಗೋಡೆಯನ್ನು ಸುಮ್ನೆ ಸವರಿಕೊಂಡು ಹೋಗುವಂತೆ ಎಳೆದು ಬಿಗಿ ಮಾಡಿದೆ. ಎರಡೂ ನೆಲದಿಂದ ಒಂದೇ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಲೆಕ್ಕ ಓರೆಯಾಗುತ್ತದೆ.

ದಾರ ಗೋಡೆಗೆ ತಾಗುವ ಜಾಗಗಳು A ಮತ್ತು B. ಕೇಂದ್ರ O ಆದರೆ OA ಮತ್ತು OB ಎರಡೂ ತ್ರಿಜ್ಯ, OP ಎರಡು ತ್ರಿಕೋನಕ್ಕೂ ಸೇರಿದ ಬಾಹು, A ಮತ್ತು Bಯಲ್ಲಿ ಲಂಬಕೋನ. ಹಾಗಾಗಿ PA, PB ಸಮ ಇರಲೇಬೇಕು. ಟೇಪ್ ಹಿಡಿದರೆ ಒಂದು ಕಡೆ 184, ಇನ್ನೊಂದು ಕಡೆ 190!

ಕಾರಣ ಇಷ್ಟೇ: ತಾಗುವ ಬಿಂದು ಕಣ್ಣಿಗೆ ಬಿಂದುವಾಗಿ ಕಾಣುವುದೇ ಇಲ್ಲ. ಇಷ್ಟು ದೊಡ್ಡ ವೃತ್ತದಲ್ಲಿ ಸ್ಪರ್ಶ ಬಿಂದುವಿನಿಂದ 5 ಸೆಂ.ಮೀ. ಆಚೆ ಹೋದರೂ ದಾರಕ್ಕೂ ಗೋಡೆಗೂ ನಡುವೆ ಬರುವ ಸಂದು ಬರೀ 1 ಮಿ.ಮೀ. ಒರಟು ಗಾರೆಯ ಮೇಲೆ ಅದನ್ನು ಯಾರು ಗುರುತಿಸುತ್ತಾರೆ?

ಈ ತಪ್ಪು ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಸ್ಪರ್ಶಕದ ಉದ್ದ t, ಗೂಟದಿಂದ ಗೋಡೆಗೆ ದೂರ k ಆದರೆ

```
r = (t² − k²) / (2k)
```

184 ಹಾಕಿದರೆ ತ್ರಿಜ್ಯ 119.3, 190 ಹಾಕಿದರೆ 130.5. ಹನ್ನೊಂದು ಸೆಂ.ಮೀ. ವ್ಯತ್ಯಾಸ! ಸರಾಸರಿ 187ಕ್ಕೆ 124.8 ಬಂತು, ಆದರೆ ಅದನ್ನೇ ನಂಬಿ ಕೂರುವುದು ಬೇಡ ಅನಿಸಿತು. ಎರಡೂ ಕಡೆ ಒಂದೇ ದಿಕ್ಕಿಗೆ ತಪ್ಪಿದರೆ ಉದ್ದಗಳು ಸಮವಾಗೇ ಕಾಣುತ್ತವೆ, ಸರಾಸರಿ ಮಾತ್ರ ತಪ್ಪಿರುತ್ತದೆ.

ಭಾನುವಾರ

A, B ಎಲ್ಲಿವೆ ಅಂತ ತಿಳಿಯದೇ ತ್ರಿಜ್ಯ ತೆಗೆಯಬಹುದಾ? ಆಗುತ್ತದೆ. ABಯನ್ನು ಸೇರಿಸುವ ಜ್ಯಾ ತೊಟ್ಟಿಯ ಹೊಟ್ಟೆಯೊಳಗೆ ಇದೆ, ಅದನ್ನು ಅಳೆಯಲಾಗದು. ಆದರೆ ಅದಕ್ಕೆ ಸಮಾಂತರವಾದ ಚಿಕ್ಕ ಗೆರೆಯೊಂದನ್ನು ಹೊರಗೇ ಮಾಡಬಹುದು. ಎರಡೂ ದಾರದ ಮೇಲೆ ಗೂಟದಿಂದ 100 ಸೆಂ.ಮೀ.ಗೆ ಗುರುತು ಹಾಕಿದೆ: C ಮತ್ತು D. CD ಅಳತೆ 111 ಬಂತು. ಇಲ್ಲಿ ದಾರದ ದಿಕ್ಕು ಮಾತ್ರ ಮುಖ್ಯ. ಅದು ತಾಗಿದ ಜಾಗವಲ್ಲ.

CDಯ ನಡು ಬಿಂದು M. PMC ಮತ್ತು PAO ಎರಡೂ ಲಂಬಕೋನ ತ್ರಿಕೋನಗಳು, Pಯಲ್ಲಿನ ಕೋನ ಎರಡಕ್ಕೂ ಒಂದೇ. ಹಾಗಾಗಿ ಸಮರೂಪ:

```
r / (r + 100) = 55.5 / 100
r × 0.445 = 55.5
r = 124.7
```

ಗೋಡೆಗೆ ಅತಿ ಹತ್ತಿರದ ಜಾಗ ಹುಡುಕುವ ತಲೆನೋವೂ ತಪ್ಪುತ್ತದೆ. Pಯಿಂದ M ಮೂಲಕ ದಾರ ಎಳೆದರೆ ಅದು ಕೇಂದ್ರದ ಕಡೆಗೇ ಹೋಗುತ್ತದೆ, ಗೋಡೆಗೆ ಮುಟ್ಟಿದ್ದೇ ಹತ್ತಿರದ ಬಿಂದು. ಮಿತಿ ಒಂದಿದೆ: C, Dಯನ್ನು ಸುಮಾರು 120 ಸೆಂ.ಮೀ.ಗಿಂತ ದೂರ ಇಟ್ಟರೆ ನಡುವಿನ ಟೇಪ್ ಗೋಡೆಗೇ ಬಡಿಯುತ್ತದೆ.

ಒಳಗಿನ ಜ್ಯಾ ಎಷ್ಟು ಅಂತ ಕುತೂಹಲಕ್ಕೆ ಲೆಕ್ಕ ಹಾಕಿದೆ: 187 × 1.11, ಅಂದರೆ ಸುಮಾರು 207.6. ವ್ಯಾಸ 249. ಗೂಟದ ಹತ್ತಿರ ನಿಂತು ನೋಡಿದಾಗ ಎರಡು ಅಂಚಿನ ನಡುವಿನದ್ದೇ ತೊಟ್ಟಿಯ ಪೂರ್ತಿ ಅಗಲ ಅನಿಸುತ್ತದೆ, ಅಲ್ವಾ? ಅಲ್ಲ. ಈ ಜ್ಯಾ ಕೇಂದ್ರದಿಂದ 69 ಸೆಂ.ಮೀ. ಈಚೆಗೇ ಇದೆ. ಗೂಟ ಹಿಂದೆ ಸರಿದಷ್ಟೂ ಜ್ಯಾ ವ್ಯಾಸದ ಹತ್ತಿರ ಬರುತ್ತದೆ, ಆದರೆ ಎಂದೂ ವ್ಯಾಸ ಆಗುವುದಿಲ್ಲ.

ಅದಕ್ಕೇ ಗೂಟವನ್ನು 200 ಸೆಂ.ಮೀ. ದೂರಕ್ಕೆ ಸರಿಸಿ, ಗುರುತುಗಳನ್ನೂ 200ಕ್ಕೆ ಹಾಕಿ ಮತ್ತೆ ಅಳೆದೆ. CD 153.5, ತ್ರಿಜ್ಯ 124.5. ಈ ಸಲ ದಾರ ತಾಗಿದ್ದು ಬೇರೆ ಜಾಗದಲ್ಲಿ. ಆದರೂ ಉತ್ತರ ಹೊಂದಿಕೊಂಡಿತು ಅಂದರೆ ಮುಂದಿನ ಗೋಡೆ ನಿಜಕ್ಕೂ ದುಂಡಗಿದೆ. ಕಾಂಪೌಂಡ್ ಕಡೆಯ ಭಾಗದ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ.

ಓವರ್‌ಫ್ಲೋ ತೂತಿನಲ್ಲಿ ಕಡ್ಡಿ ತೂರಿಸಿ ನೋಡಿದರೆ ಗೋಡೆಯ ದಪ್ಪ 10 ಸೆಂ.ಮೀ. ಹಾಗಾದರೆ ಒಳ ತ್ರಿಜ್ಯ 114.6, ಒಂದು ಸೆಂ.ಮೀ. ನೀರಿಗೆ ಸುಮಾರು 41 ಲೀಟರ್. ತ್ರಿಜ್ಯ ಒಂದು ಸೆಂ.ಮೀ. ಆಚೀಚೆ ಆದರೂ ಮುಕ್ಕಾಲು ಲೀಟರ್ ಒಳಗೇ ತಪ್ಪುತ್ತದೆ, ನನ್ನ ಕೆಲಸಕ್ಕೆ ಸಾಕು.

ಮುಂದೆ ಕೋಲಿಗೆ ಗುರುತು ಹಾಕಬೇಕು. ತೊಟ್ಟಿಯ ತಳ ಒಂದು ಕಡೆಗೆ ಇಳಿಜಾರು ಇದೆ, ಹಾಗಾಗಿ ಕೆಳಗಿನ ಹತ್ತು ಸೆಂ.ಮೀ.ಗೆ ಈ ಲೆಕ್ಕ ನಡೆಯದು. ಅಲ್ಲಿ ಬಕೆಟ್‌ನಿಂದ ನೀರು ಸುರಿದೇ ಗುರುತು ಮಾಡುತ್ತೇನೆ.