ಗ್ಯಾಪ್ 10% ಅಂದ್ರೆ 10% ನಷ್ಟವಾ?

"ಇಷ್ಟೊತ್ತು ಓಡಿದ್ಮೇಲೂ 9% ಅಂತಿದೆಯಲ್ರೀ, ಅಷ್ಟು ದುಡ್ಡು ಕಳ್ಕೊಳ್ತಿದೀವಾ?" ಈ ವಾರ ಮ್ಯಾನೇಜರ್ ನನ್ನ ಸ್ಕ್ರೀನಿಗೆ ಬಗ್ಗಿ ಕೇಳಿದ ಈ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಮನುಷ್ಯ ಒಳ್ಳೆಯವರೇ, ಆದರೆ ಲಾಗಿನಲ್ಲಿ ಗ್ಯಾಪ್ ಕಾಲಂ ಬಿಟ್ಟು ಬೇರೇನನ್ನೂ ನೋಡುವುದಿಲ್ಲ.

ಯಾವ ಗೋದಾಮು ತೆರೆಯಬೇಕು, ಎಲ್ಲಿಂದ ಯಾರಿಗೆ ಸರಕು ಕಳಿಸಬೇಕು ಎಂಬ ಲೆಕ್ಕ ಅದು. ವೆಚ್ಚ ಆದಷ್ಟು ಕಡಿಮೆಯಾಗಬೇಕು. ಅಂಥ ಯೋಜನೆ ಹುಡುಕುವ ಸಾಫ್ಟ್‌ವೇರ್ ಸಾಲ್ವರ್. ಅದರ ಲಾಗ್‌ನ ಎರಡು ಸಾಲು ಹೀಗಿದ್ದವು:

```
   Expl  Incumbent  BestBd   Gap    Time
H  2140      48200   43380  10.0%   412s
  18650      48200   43862   9.0%  3605s
```

48200 ಇನ್‌ಕಂಬೆಂಟ್, ಅಂದರೆ ಈವರೆಗೆ ಸಿಕ್ಕ ಅತ್ಯಂತ ಅಗ್ಗದ, ನಮ್ಮ ಕೈಲಿರುವ ಯೋಜನೆಯ ವೆಚ್ಚ. 43862 ಎಂಬ ಬೌಂಡ್ ಯಾರ ಕೈಲೂ ಇಲ್ಲದ ಅಂಕಿ. ಇದಕ್ಕಿಂತ ಅಗ್ಗದ ಯೋಜನೆ ಇರಲು ಸಾಧ್ಯವೇ ಇಲ್ಲ ಎಂಬುದಷ್ಟೇ ಸಾಲ್ವರ್ ಕೊಡುವ ಖಾತ್ರಿ. ಇವೆರಡರ ವ್ಯತ್ಯಾಸವನ್ನು 48200ರಿಂದ ಭಾಗಿಸಿದರೆ 9%, ಅದೇ ಗ್ಯಾಪ್. ಹಾಗಾಗಿ ನಷ್ಟ ಹೆಚ್ಚೆಂದರೆ 9%, ಸೊನ್ನೆಯೂ ಇರಬಹುದು. ಗ್ಯಾಪ್ ಇಳಿದದ್ದು ಯಾವ ಕಡೆಯಿಂದ ಎಂದು ನೋಡಿ: ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಇನ್‌ಕಂಬೆಂಟ್ ಅಲ್ಲಾಡಿಲ್ಲ, ಬೌಂಡ್ ಮಾತ್ರ ತೆವಳಿದೆ. ಹೀಗಾದಾಗ ನನ್ನ ಅನುಮಾನ ಉತ್ತರದ ಮೇಲಲ್ಲ, ಲೆಕ್ಕವನ್ನು ಸಾಲ್ವರ್‌ಗೆ ಬರೆದುಕೊಟ್ಟ ರೀತಿಯ, ಅಂದರೆ ಮಾಡೆಲ್‌ನ ಮೇಲೆ ಹೋಗುತ್ತದೆ.

ಊಹೆ ಸರಿಯಿತ್ತು. ಹಿಂದೆ ಇದನ್ನು ಬರೆದವರು x ≤ 10000·y ಎಂದು ಹಾಕಿದ್ದರು. x ಎಂದರೆ ಗೋದಾಮಿನಿಂದ ಹೋಗುವ ಸರಕು, ಟನ್ನುಗಳಲ್ಲಿ. y ಎಂದರೆ ಗೋದಾಮು ತೆರೆದಿದೆಯೋ ಇಲ್ಲವೋ, 1 ಅಥವಾ 0. ದೊಡ್ಡ ಸಂಖ್ಯೆ ಹಾಕಿದರೆ ಸುರಕ್ಷಿತ ಎಂದು ನಂಬುವ ಜಾತಿಯವರು ಎಲ್ಲ ತಂಡದಲ್ಲೂ ಒಬ್ಬರಿರುತ್ತಾರೆ! ಬೌಂಡ್ ಲೆಕ್ಕ ಹಾಕುವಾಗ ಸಾಲ್ವರ್ y ಭಿನ್ನರಾಶಿಯಾಗಲು ಬಿಡುತ್ತದೆ. 150 ಟನ್ ಕಳಿಸಲು y = 0.015 ಸಾಕು, ಅಂದರೆ ಗೋದಾಮಿನ ಸ್ಥಿರವೆಚ್ಚದ ಬರೀ 1.5% ಕೊಟ್ಟು ಪಾರಾಗಬಹುದು. ಬೌಂಡ್ ನೆಲ ಬಿಟ್ಟು ಮೇಲೇಳುವುದಾದರೂ ಹೇಗೆ? ಒಂದು ಗೋದಾಮಿನಿಂದ ನಿಜಕ್ಕೂ ಹೋಗಬಲ್ಲದ್ದು 200 ಟನ್. 10000 ಇದ್ದಲ್ಲಿ 200 ಹಾಕಿದರೆ ಅದೇ 150 ಟನ್ನಿಗೆ y ಕನಿಷ್ಠ 0.75 ಆಗಲೇಬೇಕು.

ಬದಲಿಸಿ ಓಡಿಸಿದೆ. ಬೌಂಡ್ ಬೇಗನೆ 47500 ತಲುಪಿತು, ಗ್ಯಾಪ್ 1.5%ರ ಆಸುಪಾಸಿಗೆ ಬಂತು. ಇನ್‌ಕಂಬೆಂಟ್? ಅದೇ 48200. ಇಷ್ಟು ಹೊತ್ತು ಒದ್ದಾಡಿದ್ದು ಉತ್ತರ ಹುಡುಕಲಿಕ್ಕಲ್ಲ, ಕೈಲಿದ್ದ ಉತ್ತರ ಚೆನ್ನಾಗಿದೆ ಎಂದು ಸಾಬೀತು ಮಾಡಲಿಕ್ಕೆ.

"ಹಾಗಾದ್ರೆ ಉಳಿದ 1.5?" ಅಂದರು ಮ್ಯಾನೇಜರ್. ರಾತ್ರಿಯಿಡೀ ಓಡಿಸಬಹುದು. ಸಿಗಬಹುದಾದ ಉಳಿತಾಯ ಹೆಚ್ಚೆಂದರೆ 700. ಆದರೆ ನಾವು ತುಂಬಿಸಿದ ಬೇಡಿಕೆಯ ಅಂದಾಜೇ 5% ಆಚೀಚೆ ಆಗುವಂಥದ್ದು, ಅದರ ಮೇಲೆ ನಿಂತ ವೆಚ್ಚದಲ್ಲಿ 1.5%ಗೆ ಯಾವ ಬೆಲೆ? ಯೋಜನೆ ಸಂಜೆಯೊಳಗೆ ಹೋಗಬೇಕಿತ್ತು, ನಿಲ್ಲಿಸಿದೆ. ಮುಂದಿನ ಸಲ ಗ್ಯಾಪ್ 1.5%ಗೆ ಇಳಿದಾಗ ಸಾಲ್ವರ್ ತಾನೇ ನಿಲ್ಲಲಿ ಎಂದು MIPGap=0.015 ಬರೆದಿಟ್ಟಿದ್ದೇನೆ, ಜೊತೆಗೆ ಒಂದು ಟೈಮ್ ಲಿಮಿಟ್ ಕೂಡ. ಅವರು ಅದನ್ನು 0.01 ಮಾಡಿ ಅಂತಿದ್ದಾರೆ. ಕಾರಣ ಕೇಳಿದರೆ, "ಒಂದು ಅಂದ್ರೆ ರಿಪೋರ್ಟಿನಲ್ಲಿ ಚೆನ್ನಾಗಿ ಕಾಣುತ್ತೆ."